ಒಂದು ಪಾವತಿ, ಎರಡು ಸುದ್ದಿ

ಜೀನ್ಸ್ ಹೊಲಿಗೆಗೆ ಹೆಸರಾದ ರಾಯದುರ್ಗದಲ್ಲಿ ಒಂದು ಸಣ್ಣ ಘಟಕದವರು ತಮ್ಮದೇ ವೆಬ್‌ಸೈಟ್ ಮಾಡಿಕೊಂಡು ಮಾಲು ಮಾರುತ್ತಾರೆ ಎಂದಿಟ್ಟುಕೊಳ್ಳಿ. ಓಬಳಾಪುರದ ಗಿರಾಕಿಯೊಬ್ಬ ಎರಡು ಪ್ಯಾಂಟಿಗೆ ಆರ್ಡರ್ ಹಾಕಿ 1,850 ರೂಪಾಯಿಯನ್ನು ಯುಪಿಐ ಮೂಲಕ ಕಟ್ಟುತ್ತಾನೆ. ಕಟ್ಟುವ ಹೊತ್ತಿಗೆ ಅವನ ಫೋನು ಬ್ರೌಸರನ್ನು ಹಿಂದೆ ಬಿಟ್ಟು ಯುಪಿಐ ಆ್ಯಪಿಗೆ ಹೋಗಿರುತ್ತದೆ. ಪಿನ್ ಒತ್ತಿ, ಹಣ ಹೋಯಿತು ಎಂದು ಕಂಡ ಮೇಲೆ ಅವನು ಅಂಗಡಿಯ ಪುಟಕ್ಕೆ ಮರಳಲೇಬೇಕೆಂಬ ನಿಯಮವೇನೂ ಇಲ್ಲ. ಫೋನನ್ನು ಜೇಬಿಗೆ ಹಾಕಿಕೊಂಡರೆ ಅಂಗಡಿಯ ಸರ್ವರ್‌ಗೆ ಬ್ರೌಸರಿನಿಂದ ಯಾವ ಸುದ್ದಿಯೂ ಬರುವುದಿಲ್ಲ. ಹಣ ಬಂದಿದೆ, ಆರ್ಡರ್ ಮಾತ್ರ 'ಬಾಕಿ' ಎಂದೇ ಕೂತಿದೆ. ಈ ಕಂದಕ ಮುಚ್ಚುವುದಕ್ಕಾಗಿ ಪಾವತಿ ಕಂಪನಿಯ ಸರ್ವರ್ ನೇರವಾಗಿ ಅಂಗಡಿಯ ಸರ್ವರ್‌ಗೆ 'ಇಂಥ ಪಾವತಿ ಆಯಿತು' ಎಂದು ಒಂದು ಎಚ್‌ಟಿಟಿಪಿ ಸಂದೇಶ ಕಳಿಸುತ್ತದೆ. ಇದಕ್ಕೆ ವೆಬ್‌ಹುಕ್ ಎನ್ನುತ್ತಾರೆ. ಇವತ್ತು ನನ್ನ ಮಾತು ಆ ಸಂದೇಶವನ್ನು ತೆಗೆದುಕೊಳ್ಳುವ ಕಡೆಯ ಪ್ರೋಗ್ರಾಂ ಬಗ್ಗೆ. ಉದಾಹರಣೆಗೆ 2014ರಲ್ಲಿ ಶುರುವಾಗಿ ಬೆಂಗಳೂರಿನಲ್ಲಿ ನೆಲೆಸಿರುವ ರೇಜರ್‌ಪೇ ಕಂಪನಿಯ ವೆಬ್‌ಹುಕ್ ಅನ್ನೇ ಹಿಡಿಯುತ್ತೇನೆ. ನಮ್ಮ ಕಡೆಯ ಅನೇಕ ಅಂಗಡಿಗಳು ಬಳಸುವುದು ಅದನ್ನೇ, ಅದರ ನಿಯಮಗಳೂ ಬಹಿರಂಗವಾಗಿ ಅಚ್ಚಾಗಿವೆ.

ಈ ಪ್ರೋಗ್ರಾಂ ಎರಡು ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಸಂದೇಶ ನಿಜವಾಗಿ ಪಾವತಿ ಕಂಪನಿಯಿಂದಲೇ ಬಂತೇ ಎಂಬುದು ಒಂದು. ಇದೇ ಸುದ್ದಿ ಈಗಾಗಲೇ ಬಂದು ಲೆಕ್ಕಕ್ಕೆ ಸೇರಿದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಸಹಿ ಪರೀಕ್ಷೆ, ಎರಡನೆಯದಕ್ಕೆ ನಕಲು ಪತ್ತೆ. ಸಾಮಾನ್ಯವಾಗಿ ಇವೆರಡನ್ನೂ ಬೇರೆ ಬೇರೆ ಕೆಲಸವೆಂದು ತಿಳಿದು, ಬೇರೆ ಬೇರೆ ದಿನ, ಬೇರೆ ಬೇರೆ ಫೈಲಿನಲ್ಲಿ ಬರೆದು ಮುಗಿಸುತ್ತಾರೆ. ಇವೆರಡಕ್ಕೂ ಒಂದು ಗಂಟು ಇದೆ, ಆ ಗಂಟು ಬಿಟ್ಟುಹೋದರೆ ಎರಡೂ ಪರೀಕ್ಷೆ ಇದ್ದೂ ಇಲ್ಲದಂತೆ ಎಂಬುದು ನನ್ನ ವಾದ. ನಕಲು ಹೌದೋ ಅಲ್ಲವೋ ಎಂದು ತೀರ್ಮಾನಿಸುವ ಗುರುತು, ಸಹಿಯ ರಕ್ಷಣೆಯೊಳಗೆ ಇರುವ ಮಾಹಿತಿಯಿಂದಲೇ ಬರಬೇಕು. ಆ ತೀರ್ಮಾನ ಬರೆದಿಡುವ ಜಾಗವೂ ಹಣದ ಲೆಕ್ಕ ಬರೆದಿಡುವ ಜಾಗವೇ ಆಗಿರಬೇಕು.

ಸಹಿಯಿಂದ ಶುರುಮಾಡೋಣ. ಅಂಗಡಿಯವರು ರೇಜರ್‌ಪೇ ಡ್ಯಾಶ್‌ಬೋರ್ಡಿನಲ್ಲಿ ವೆಬ್‌ಹುಕ್ ಸೇರಿಸುವಾಗ ಒಂದು ಗುಟ್ಟಿನ ಪದವನ್ನು ತಾವೇ ಕೊಡುತ್ತಾರೆ. ಎಪಿಐ ಬಳಸಲು ಕಂಪನಿ ಕೊಡುವ ಕೀಲಿಯೇ ಬೇರೆ, ಇದೇ ಬೇರೆ. ಇವೆರಡನ್ನು ಅದಲುಬದಲು ಮಾಡಿಕೊಂಡು ಒಂದು ಇಡೀ ಸಂಜೆ ಕಳೆದುಕೊಂಡವರು ಕಡಿಮೆಯೇನಲ್ಲ. ಕಳಿಸುವ ಸರ್ವರ್ ಸಂದೇಶದ ಒಡಲನ್ನೂ ಆ ಗುಟ್ಟನ್ನೂ ಸೇರಿಸಿ ಎಚ್‌ಮ್ಯಾಕ್ ಎಂಬ ವಿಧಾನದಿಂದ, ಎಸ್‌ಎಚ್‌ಎ-256 ಬಳಸಿ, 64 ಅಕ್ಷರದ ಒಂದು ಸಾಲು ತೆಗೆಯುತ್ತದೆ. ಅದನ್ನು `X-Razorpay-Signature` ಎಂಬ ಹೆಡರಿನಲ್ಲಿ ಇಟ್ಟು ಕಳಿಸುತ್ತದೆ. ತೆಗೆದುಕೊಳ್ಳುವವರೂ ಅದೇ ಲೆಕ್ಕ ಮಾಡಿ ಎರಡು ಸಾಲೂ ಒಂದೇ ಇವೆಯೇ ಎಂದು ನೋಡಬೇಕು. ಎಚ್‌ಮ್ಯಾಕ್ ಹೊಸದೇನಲ್ಲ; 1997ರಲ್ಲೇ ಆರ್‌ಎಫ್‌ಸಿ 2104 ಎಂಬ ದಾಖಲೆಯಲ್ಲಿ ಅದರ ವಿವರ ಪ್ರಕಟವಾಗಿದೆ. ಗುಟ್ಟು ಗೊತ್ತಿಲ್ಲದವನು ಒಡಲಿನ ಒಂದೇ ಒಂದು ಬೈಟ್ ಬದಲಿಸಿದರೂ ಸರಿಯಾದ ಸಹಿ ಹುಟ್ಟಿಸಲಾರ. ಈ ಪರೀಕ್ಷೆಯ ಆರು ಸಾಲು ಇವು.

```python
raw = request.get_data()
mine = hmac.new(SECRET, raw, hashlib.sha256).hexdigest()
theirs = request.headers.get("X-Razorpay-Signature", "")
if not hmac.compare_digest(mine, theirs):
    return "", 400
event = json.loads(raw)
```

ಇಲ್ಲಿ ಗಮನಿಸಬೇಕಾದ್ದು ಸಾಲುಗಳ ಕ್ರಮ. ಬಂದ ಬೈಟುಗಳನ್ನು ಬಂದ ಹಾಗೇ ಹಿಡಿದು ಮೊದಲು ಸಹಿ ನೋಡಿ, ಆಮೇಲೆ ಜೇಸನ್ ಬಿಚ್ಚಬೇಕು. ಮೊದಲು ಬಿಚ್ಚಿ, ಆಮೇಲೆ ಅದನ್ನೇ ಮತ್ತೆ ಜೇಸನ್ ಆಗಿ ಕಟ್ಟಿ ಸಹಿ ಹಾಕಿ ನೋಡಿದರೆ ಕೆಲವು ದಿನ ಸರಿಹೋಗಬಹುದು, ಒಂದು ದಿನ ಕೈಕೊಡುತ್ತದೆ. ಅದು ಕೈಕೊಡುವ ಬಗೆ ನಮ್ಮ ಭಾಷೆಯವರಿಗೆ ವಿಶೇಷವಾಗಿ ಸಂಬಂಧಿಸಿದ್ದು. ಗಿರಾಕಿ ತನ್ನ ಊರನ್ನು ಕನ್ನಡದಲ್ಲೇ 'ಓಬಳಾಪುರ' ಎಂದು ಬರೆದಿದ್ದಾನೆ, ಅಂಗಡಿಯವರು ಅದನ್ನು ಪಾವತಿಯ `notes` ಎಂಬ ಟಿಪ್ಪಣಿ ಜಾಗದಲ್ಲಿ ಕಳಿಸಿದ್ದಾರೆ ಎನ್ನಿ. ಈ ಹೆಸರಿನಲ್ಲಿ ಯೂನಿಕೋಡ್ ಲೆಕ್ಕಕ್ಕೆ ಏಳು ಸಂಕೇತಗಳಿವೆ. ನೇರವಾಗಿ ಯುಟಿಎಫ್-8ರಲ್ಲಿ ಬರೆದರೆ 21 ಬೈಟು. ಜೇಸನ್‌ನಲ್ಲಿ ಇನ್ನೊಂದು ರೀತಿಯೂ ಸಿಂಧು: 'ಓ' ಎಂಬುದನ್ನು `\u0c93` ಎಂದು ಆರು ಅಕ್ಷರಗಳಲ್ಲಿ ಬರೆಯಬಹುದು, ಆಗ ಊರಿನ ಹೆಸರು 42 ಬೈಟು ಆಗುತ್ತದೆ. ಓದುವ ಪ್ರೋಗ್ರಾಂಗೆ ಎರಡರ ಅರ್ಥವೂ ಒಂದೇ. ಸಹಿಗೆ ಅರ್ಥ ಬೇಕಿಲ್ಲ, ಬೈಟು ಬೇಕು. ಪೈಥಾನಿನ `json.dumps` ತಾನಾಗಿ ಎರಡನೆಯ ರೀತಿ ಬರೆಯುತ್ತದೆ, ಜೊತೆಗೆ ಅಲ್ಪವಿರಾಮದ ನಂತರ ಒಂದು ಜಾಗವನ್ನೂ ಬಿಡುತ್ತದೆ. ಜಾವಾಸ್ಕ್ರಿಪ್ಟಿನ `JSON.stringify` ಜಾಗ ಬಿಡದೆ ಮೊದಲನೆಯ ರೀತಿ ಬರೆಯುತ್ತದೆ. ಪಿಎಚ್‌ಪಿಯ `json_encode` ಓರೆಗೆರೆಯ ಹಿಂದೆಯೂ ಒಂದು ಗೆರೆ ಸೇರಿಸುತ್ತದೆ. ಬೇರೆಲ್ಲ ಹೊಂದಿ, ಕನ್ನಡ ಅಕ್ಷರಗಳನ್ನು ಮಾತ್ರ ಕಳಿಸಿದವರು ಒಂದು ರೀತಿ ಬರೆದು, ನೀವು ಮರಳಿ ಕಟ್ಟಿದ್ದು ಇನ್ನೊಂದು ರೀತಿಯಾದರೆ, ಇಂಗ್ಲಿಷ್ ಹೆಸರಿನ ಪರೀಕ್ಷಾ ಆರ್ಡರ್‌ಗಳೆಲ್ಲ ಪಾಸಾಗಿ ಕನ್ನಡದಲ್ಲಿ ವಿಳಾಸ ಬರೆದ ಗಿರಾಕಿಯ ಪಾವತಿ ಮಾತ್ರ 'ಸಹಿ ತಪ್ಪು' ಎಂದು ಹೊರಗುಳಿಯುತ್ತದೆ. ಎಲ್ಲ ಸಂದೇಶಗಳೂ ಒಂದೇ ಗಳಿಗೆಯಿಂದ ಸೋಲತೊಡಗಿದರೆ ಗುಟ್ಟಿನ ಪದ ಬದಲಾಗಿದೆ ಎಂದರ್ಥ. ಅಲ್ಲೊಂದು ಇಲ್ಲೊಂದು ಸೋತರೆ ಮೂಲ ಬೈಟು ಕೈತಪ್ಪಿದೆ ಎಂದರ್ಥ. ರೋಗ ಗುರುತಿಸಲು ಇಷ್ಟು ಸಾಕು.

ಇಷ್ಟೆಲ್ಲ ಯಾಕೆ, ಎಚ್‌ಟಿಟಿಪಿಎಸ್ ಇದೆಯಲ್ಲ ಎಂದು ಕೇಳುವವರಿದ್ದಾರೆ. ಎಚ್‌ಟಿಟಿಪಿಎಸ್ ಕಾಯುವುದು ದಾರಿಯನ್ನು. ನಿಮ್ಮ ವಿಳಾಸ ಗೊತ್ತಿರುವ ಯಾರು ಬೇಕಾದರೂ ಅದೇ ಭದ್ರ ದಾರಿಯಲ್ಲಿ ಬಂದು 'ಓಬಳಾಪುರದ ಆರ್ಡರಿಗೆ ಹಣ ಸಂದಿದೆ' ಎಂದು ಸುಳ್ಳು ಹೇಳಬಹುದು. ದಾರಿ ಭದ್ರವಾಗಿದ್ದುದರಿಂದ ಹೇಳಿದ್ದು ನಿಜವಾಗುವುದಿಲ್ಲ. ಆದ್ದರಿಂದ ಸಹಿ ಬೇಕೇ ಬೇಕು. ಆದರೆ ಸಹಿ ಏನು ಹೇಳುವುದಿಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ತಿಳಿದಿರಬೇಕು. ಈ ಮಾತನ್ನು ಪಾವತಿ ಕಂಪನಿ ಆಡಿದೆ ಎಂದು ಅದು ಹೇಳುತ್ತದೆ. ಎಷ್ಟನೆಯ ಸಲ ಆಡುತ್ತಿದೆ ಎಂದು ಹೇಳುವುದಿಲ್ಲ. ಹತ್ತನೆಯ ನಕಲಿನ ಮೇಲೂ ಸಹಿ ಮೊದಲಿನಷ್ಟೇ ಸರಿಯಾಗಿರುತ್ತದೆ.

ನಕಲು ಯಾಕೆ ಬರುತ್ತದೆ? ಕಳಿಸುವವರ ತಪ್ಪಿನಿಂದ ಎಂದು ಅನೇಕರು ಭಾವಿಸುತ್ತಾರೆ, ಕಂಪನಿಗೆ ದೂರು ಬರೆಯುವವರೂ ಇದ್ದಾರೆ. ಕಳಿಸುವವರ ಜಾಗದಲ್ಲಿ ನಿಂತು ನೋಡಿ. ಸಂದೇಶ ಕಳಿಸಿ ಉತ್ತರಕ್ಕೆ ಕಾದರು, ಉತ್ತರ ಬರಲಿಲ್ಲ. ಸಂದೇಶವೇ ತಲುಪಲಿಲ್ಲವೋ, ತಲುಪಿ ಕೆಲಸವಾಗಿ ಉತ್ತರ ಮಾತ್ರ ದಾರಿಯಲ್ಲಿ ಕಳೆಯಿತೋ ಎಂದು ಅವರಿಗೆ ತಿಳಿಯುವ ಉಪಾಯವೇ ಇಲ್ಲ. ಮತ್ತೆ ಕಳಿಸದಿದ್ದರೆ ಸುದ್ದಿ ಕಳೆದುಹೋಗಬಹುದು, ಕಳಿಸಿದರೆ ಎರಡು ಸಲ ಆಗಬಹುದು. ಹಣದ ವಿಷಯದಲ್ಲಿ ಕಳೆದುಹೋಗುವುದಕ್ಕಿಂತ ಎರಡು ಸಲ ಬರುವುದು ಮೇಲು ಎಂದು ಪಾವತಿ ಕಂಪನಿಗಳು ತೀರ್ಮಾನಿಸಿವೆ. ರೇಜರ್‌ಪೇ ನಿಯಮದಂತೆ ಐದು ಸೆಕೆಂಡಿನೊಳಗೆ 200ರ ಸಾಲಿನ ಉತ್ತರ ಬರದಿದ್ದರೆ ಸೋತಂತೆ. ಆಮೇಲೆ 24 ಗಂಟೆಯವರೆಗೆ ಅಂತರ ಹೆಚ್ಚಿಸುತ್ತ ಮತ್ತೆ ಮತ್ತೆ ಪ್ರಯತ್ನಿಸುತ್ತಾರೆ. ಅಷ್ಟು ಹೊತ್ತೂ ಸೋಲುತ್ತಲೇ ಇದ್ದರೆ ವೆಬ್‌ಹುಕ್ಕನ್ನೇ ನಿಲ್ಲಿಸಿಬಿಡುತ್ತಾರೆ. ಹಾಗಾಗಿ ನಕಲು ಬಂದಾಗ ತಪ್ಪಿನ ಸಂಕೇತ ಮರಳಿಸುವುದು ಕೆಟ್ಟ ಅಭ್ಯಾಸ. 'ಇದು ಆಗಲೇ ಬಂದಿದೆ' ಎಂದು 409 ಕೊಟ್ಟರೆ ಅವರ ಲೆಕ್ಕದಲ್ಲಿ ನೀವು ಸೋತಿದ್ದೀರಿ, ಮತ್ತೆ ಕಳಿಸುತ್ತಾರೆ. ನಕಲಿಗೂ 200 ಎಂದೇ ಉತ್ತರಿಸಿ ಸುಮ್ಮನಾಗಬೇಕು. ನಿಮ್ಮ ಡೇಟಾಬೇಸ್ ಕೆಟ್ಟು ನಿಂತಿದ್ದಾಗ ಮಾತ್ರ ಧೈರ್ಯವಾಗಿ 500 ಕೊಡಿ. ಆ ಮರುಪ್ರಯತ್ನ ಇರುವುದೇ ಅಂಥ ಹೊತ್ತಿಗಾಗಿ.

ಇನ್ನು ನಕಲನ್ನು ಗುರುತಿಸುವುದು ಹೇಗೆ? ರೇಜರ್‌ಪೇ ಪ್ರತಿ ಸುದ್ದಿಗೂ `x-razorpay-event-id` ಎಂಬ ಹೆಡರಿನಲ್ಲಿ ಒಂದು ಸಂಖ್ಯೆ ಕೊಡುತ್ತದೆ. ಅದೇ ಸುದ್ದಿ ಮತ್ತೆ ಬಂದರೆ ಸಂಖ್ಯೆಯೂ ಅದೇ ಇರುತ್ತದೆ. ಬಂದ ಸಂಖ್ಯೆಗಳನ್ನು ಬರೆದಿಟ್ಟುಕೊಂಡು, ಮತ್ತೆ ಕಂಡರೆ ಬಿಟ್ಟುಬಿಡಿ ಎಂಬುದು ಎಲ್ಲರೂ ಕೊಡುವ ಸಲಹೆ. ಸಲಹೆ ಸರಿಯೇ, ಆದರೆ ಅರ್ಧ. ಮೊದಲನೆಯದಾಗಿ, ಒಂದೇ ಪಾವತಿಯ ಬಗ್ಗೆ ಬೇರೆ ಬೇರೆ ಸುದ್ದಿಗಳು ಬರುತ್ತವೆ. ಹಣ ಸಂದಾಯವಾದಾಗ `payment.captured` ಬರುತ್ತದೆ, ಆರ್ಡರ್ ಪೂರ್ತಿ ತೀರಿದಾಗ `order.paid` ಬರುತ್ತದೆ. ಇವು ಎರಡು ಸುದ್ದಿ, ಎರಡು ಸಂಖ್ಯೆ. ಯಾವುದು ಮೊದಲು ತಲುಪುತ್ತದೆ ಎಂಬ ಭರವಸೆಯೂ ಇಲ್ಲ. ಎರಡನ್ನೂ ಕೇಳಿಸಿಕೊಳ್ಳುವ ಪ್ರೋಗ್ರಾಂ ಸುದ್ದಿಯ ಸಂಖ್ಯೆಯನ್ನಷ್ಟೇ ನೋಡಿದರೆ, ಒಂದೂ ನಕಲಿಲ್ಲದೆಯೇ ಓಬಳಾಪುರಕ್ಕೆ ಎರಡು ಪಾರ್ಸೆಲ್ ಹೊರಡುತ್ತದೆ. ಎರಡನೆಯ ಕೊರತೆ ಇನ್ನೂ ಆಳದ್ದು. ಸಹಿ ಮಾಡಿರುವುದು ಸಂದೇಶದ ಒಡಲಿಗೆ, ಸುದ್ದಿಯ ಸಂಖ್ಯೆ ಇರುವುದು ಹೆಡರಿನಲ್ಲಿ. ಅಂದರೆ ಆ ಸಂಖ್ಯೆಗೆ ಸಹಿಯ ರಕ್ಷಣೆ ಇಲ್ಲ. ಯಾರಾದರೂ ಒಂದು ನಿಜವಾದ ಒಡಲನ್ನೂ ಅದರ ಸಹಿಯನ್ನೂ ಸಂಪಾದಿಸಿದರೆ, ಸಂಖ್ಯೆಯನ್ನು ಬೇಕಾದಂತೆ ಬದಲಿಸಿ ನೂರು ಸಲ ಕಳಿಸಬಹುದು. ಪ್ರತಿಸಲವೂ ಸಹಿ ಸರಿ, ಪ್ರತಿಸಲವೂ ಸಂಖ್ಯೆ ಹೊಸದು. ಅವರಿಗೆ ಒಡಲು ಎಲ್ಲಿಂದ ಸಿಗುತ್ತದೆ ಎಂದು ಕೇಳಬಹುದು. ದಾರಿಯಲ್ಲಿ ಸಿಗುವುದಿಲ್ಲ, ನಿಜ. ತೊಂದರೆ ಹುಡುಕಲೆಂದು ಎಲ್ಲ ಸಂದೇಶಗಳನ್ನೂ ಹೆಡರ್ ಸಮೇತ ಲಾಗ್ ಫೈಲಿಗೆ ಸುರಿದು, ಆ ಫೈಲನ್ನು ಸಿಕ್ಕವರಿಗೆಲ್ಲ ಕಳಿಸುವ ರೂಢಿ ನಮ್ಮಲ್ಲಿ ಚೆನ್ನಾಗಿಯೇ ಇದೆ.

ಅಮೆರಿಕದ ಸ್ಟ್ರೈಪ್ ಕಂಪನಿ ಇದಕ್ಕೆ ಬೇರೆ ದಾರಿ ಹಿಡಿದಿದೆ. ಅದು ಕಳಿಸಿದ ಹೊತ್ತನ್ನೂ ಒಡಲಿನ ಜೊತೆ ಸೇರಿಸಿ ಸಹಿ ಮಾಡುತ್ತದೆ. ಅದರ ಸಿದ್ಧ ಲೈಬ್ರರಿಗಳು ಐದು ನಿಮಿಷಕ್ಕಿಂತ ಹಳೆಯ ಸಂದೇಶವನ್ನು ತಾವಾಗಿಯೇ ತಿರಸ್ಕರಿಸುತ್ತವೆ. ಇದು ಒಳ್ಳೆಯ ಬೇಲಿ, ಆದರೂ ಐದು ನಿಮಿಷದೊಳಗಿನ ನಕಲನ್ನು ಅದು ತಡೆಯುವುದಿಲ್ಲ. ಹಾಗಾಗಿ ಎರಡೂ ಕಡೆ ಸಲ್ಲುವ ಉತ್ತರವನ್ನು ಒಡಲಿನೊಳಗೇ ಹುಡುಕಬೇಕು. ಅದು ಪಾವತಿಯ ಸಂಖ್ಯೆ, ರೇಜರ್‌ಪೇಯಲ್ಲಿ `pay_` ಎಂದು ಶುರುವಾಗುವಂಥದ್ದು. `payment.captured` ಬರಲಿ, `order.paid` ಬರಲಿ, ಲಾಗಿನಿಂದ ಕದ್ದ ಹಳೆಯ ಒಡಲೇ ಬರಲಿ, ಪಾವತಿ ಒಂದೇ ಆದರೆ ಈ ಸಂಖ್ಯೆಯೂ ಒಂದೇ. ಅದನ್ನು ಬದಲಿಸಿದರೆ ಸಹಿ ಮುರಿಯುತ್ತದೆ. ಸುದ್ದಿಯ ಸಂಖ್ಯೆಯನ್ನು ಬೇಗ ಸೋಸುವುದಕ್ಕೆ ಬಳಸಿಕೊಳ್ಳಿ. ಲೆಕ್ಕದ ತೀರ್ಮಾನವನ್ನು ಮಾತ್ರ ಪಾವತಿಯ ಸಂಖ್ಯೆಗೆ ಬಿಡಿ.

ಇನ್ನು ಬರೆದಿಡುವ ಜಾಗದ ಮಾತು. ಸುಲಭವಾಗಿ ಹೊಳೆಯುವ ದಾರಿ ಎಂದರೆ ಮೊದಲು ಪಟ್ಟಿಯಲ್ಲಿ ಹುಡುಕುವುದು, ಇಲ್ಲದಿದ್ದರೆ ಕೆಲಸ ಮಾಡುವುದು, ಆಮೇಲೆ ಪಟ್ಟಿಗೆ ಸೇರಿಸುವುದು. ಒಂದೇ ಪಾವತಿಯ ಎರಡು ಸುದ್ದಿ ಒಂದೇ ಗಳಿಗೆಯಲ್ಲಿ ಬಂದು, ಸರ್ವರ್‌ನ ಎರಡು ಪ್ರೊಸೆಸ್‌ಗಳು ಒಂದೊಂದನ್ನು ಹಿಡಿದವು ಎನ್ನಿ. ಇಬ್ಬರೂ ಹುಡುಕುತ್ತಾರೆ, ಇಬ್ಬರಿಗೂ ಸಿಗುವುದಿಲ್ಲ, ಇಬ್ಬರೂ ಕೆಲಸ ಮಾಡುತ್ತಾರೆ. ಪಟ್ಟಿಯನ್ನು ರೆಡಿಸ್‌ನಂಥ ವೇಗದ ಜಾಗದಲ್ಲಿಟ್ಟು, ಒಬ್ಬರೇ ಗೆಲ್ಲುವಂತೆ ಗುರುತು ಹಾಕಿದರೆ ಆಗದೇ ಎಂದು ಕೇಳುತ್ತಾರೆ. ಆ ಪೈಪೋಟಿ ತಪ್ಪುತ್ತದೆ, ಬೇರೊಂದು ಬಿರುಕು ಬಿಡುತ್ತದೆ. ಗುರುತು ಒಂದು ಕಡೆ, ಆರ್ಡರಿನ ಲೆಕ್ಕ ಇನ್ನೊಂದು ಕಡೆ ಇದ್ದಾಗ ಇವೆರಡರ ನಡುವೆ ಕರೆಂಟು ಹೋಗುವುದಕ್ಕೆ ಅವಕಾಶವಿದೆ. ಗುರುತು ಹಾಕಿ ಕೆಲಸ ಮಾಡುವ ಮುಂಚೆ ಸರ್ವರ್ ಸತ್ತರೆ, ಮತ್ತೆ ಬಂದ ಸುದ್ದಿಯನ್ನು 'ನಕಲು' ಎಂದು ಬಿಟ್ಟುಬಿಡುತ್ತೀರಿ. ಗಿರಾಕಿಯ ಹಣ ಲೆಕ್ಕಕ್ಕೇ ಸೇರುವುದಿಲ್ಲ. ಕೆಲಸ ಮಾಡಿ ಗುರುತು ಹಾಕುವ ಮುಂಚೆ ಸತ್ತರೆ ಎರಡು ಸಲ ಆಗುತ್ತದೆ. ಕ್ರಮ ಬದಲಿಸಿದರೆ ತಪ್ಪಿನ ಜಾತಿ ಬದಲಾಗುತ್ತದೆ ಅಷ್ಟೆ. ಗುರುತೂ ಕೆಲಸವೂ ಒಂದೇ ಡೇಟಾಬೇಸಿನ ಒಂದೇ ಟ್ರಾನ್ಸಾಕ್ಷನ್‌ನಲ್ಲಿದ್ದರೆ ಮಾತ್ರ ಎರಡೂ ಆಗುತ್ತವೆ, ಇಲ್ಲವೇ ಎರಡೂ ಆಗುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಅದು ಹೀಗೆ.

```sql
BEGIN;
INSERT INTO payments (payment_id, order_id, amount)
VALUES ('pay_A', 'order_R', 185000)
ON CONFLICT (payment_id) DO NOTHING
RETURNING payment_id;
-- ಮೇಲಿನದು ಸಾಲು ಮರಳಿಸಿದರೆ ಮಾತ್ರ ಮುಂದಿನ ಎರಡು
UPDATE orders SET status = 'paid' WHERE id = 'order_R';
INSERT INTO outbox (order_id, task) VALUES ('order_R', 'courier');
COMMIT;
```

`payment_id` ಮೇಲೆ 'ಒಂದೇ ಸಲ' ಎಂಬ ಯೂನಿಕ್ ನಿರ್ಬಂಧ ಇದೆ ಎಂಬುದೇ ಇಲ್ಲಿನ ಜೀವಾಳ. (ಮೊತ್ತ ಪೈಸೆಯಲ್ಲಿ ಬರುತ್ತದೆ, ಆದ್ದರಿಂದ 1,850 ರೂಪಾಯಿ 185000 ಆಗಿದೆ.) ಒಂದೇ ಗಳಿಗೆಯಲ್ಲಿ ಬಂದ ಎರಡು ಸಂದೇಶಗಳಿಗೆ ಈಗ ಏನಾಗುತ್ತದೆ ನೋಡಿ. ಮೊದಲ ಪ್ರೊಸೆಸ್ ಸಾಲು ಸೇರಿಸುತ್ತದೆ, ಇನ್ನೂ ಕಮಿಟ್ ಮಾಡಿಲ್ಲ. ಎರಡನೆಯದು ಅದೇ ಸಂಖ್ಯೆಯನ್ನು ಸೇರಿಸಲು ಹೋದಾಗ ಡೇಟಾಬೇಸ್ ಅದನ್ನು ಅಲ್ಲೇ ಕಾಯಿಸುತ್ತದೆ. ಮೊದಲನೆಯದು ಕಮಿಟ್ ಆದರೆ ಎರಡನೆಯದಕ್ಕೆ ಯಾವ ಸಾಲೂ ಮರಳುವುದಿಲ್ಲ, ಅದು 200 ಎಂದು ಉತ್ತರಿಸಿ ಹೋಗುತ್ತದೆ. ಮೊದಲನೆಯದು ಅರ್ಧಕ್ಕೆ ಸತ್ತರೆ ಅದು ಬರೆದದ್ದೆಲ್ಲ ಅಳಿಸಿಹೋಗಿ, ಕಾಯುತ್ತಿದ್ದ ಎರಡನೆಯದೇ ಕೆಲಸ ಮಾಡಿ ಮುಗಿಸುತ್ತದೆ. ಇಂಥ ತೀರ್ಪನ್ನು ನಮ್ಮ ಪ್ರೋಗ್ರಾಂನಲ್ಲಿ ನಾವೇ ಬರೆಯಹೊರಟರೆ ಎಷ್ಟು ಷರತ್ತು ಹಾಕಿದರೂ ಎಲ್ಲೋ ಒಂದು ಕಡೆ ಸಂದು ಉಳಿಯುತ್ತದೆ.

ಆ ಕೊನೆಯ `outbox` ಸಾಲು ಯಾಕೆ? ಕೊರಿಯರ್ ಕಂಪನಿಯ ಸರ್ವರ್ ನಿಮ್ಮ ಟ್ರಾನ್ಸಾಕ್ಷನ್ ಒಳಗೆ ಬರುವುದಿಲ್ಲ. ಸಂದೇಶ ಬಂದ ಕೂಡಲೇ ಕೊರಿಯರ್ ಬುಕ್ ಮಾಡಲು ಹೊರಟು, ಅದಕ್ಕೆ ಏಳು ಸೆಕೆಂಡ್ ಹಿಡಿಯಿತು ಎನ್ನಿ. ಐದನೆಯ ಸೆಕೆಂಡಿಗೇ ಪಾವತಿ ಕಂಪನಿ ನಿಮ್ಮನ್ನು ಸೋತವರ ಪಟ್ಟಿಗೆ ಸೇರಿಸಿರುತ್ತದೆ. ಬುಕಿಂಗ್ ಆಗಿದೆ, ಆದರೂ ಮರುಪ್ರಯತ್ನ ಬರುತ್ತದೆ. ನಕಲುಗಳನ್ನು ಹುಟ್ಟಿಸಿದವರು ನೀವೇ. ಒಂದು ವಾರದಲ್ಲಿ ನಕಲುಗಳ ಎಣಿಕೆ ಏರುತ್ತಿದ್ದರೆ ಮೊದಲು ನೋಡಬೇಕಾದ್ದು ನಿಮ್ಮ ಉತ್ತರಕ್ಕೆ ಎಷ್ಟು ಹೊತ್ತಾಗುತ್ತಿದೆ ಎಂಬುದನ್ನು. ಹಾಗಾದರೆ ಮೊದಲೇ 200 ಎಂದು ಹೇಳಿ, ಆಮೇಲೆ ನಿಧಾನವಾಗಿ ಎಲ್ಲ ಮಾಡೋಣ ಎಂಬುದು ಇನ್ನೊಂದು ತುದಿ. ಉತ್ತರ ಕೊಟ್ಟ ಮೇಲೆ, ಬರೆದಿಡುವ ಮುಂಚೆ ಸರ್ವರ್ ಸತ್ತರೆ ಸುದ್ದಿ ಶಾಶ್ವತವಾಗಿ ಹೋಯಿತು. ನೀವೇ ಒಪ್ಪಿಕೊಂಡ ಮೇಲೆ ಯಾರೂ ಮತ್ತೆ ಕಳಿಸುವುದಿಲ್ಲ. ನಡುವಿನ ದಾರಿ ಇದು: ಪಾವತಿಯನ್ನೂ 'ಕೊರಿಯರ್ ಬುಕ್ ಮಾಡಬೇಕು' ಎಂಬ ಟಿಪ್ಪಣಿಯನ್ನೂ ಒಟ್ಟಿಗೆ ಬರೆದು ಕಮಿಟ್ ಮಾಡಿ, ಆಗ ಉತ್ತರ ಕೊಟ್ಟು, ಟಿಪ್ಪಣಿಯ ಕೆಲಸವನ್ನು ಬೇರೊಂದು ಪ್ರೊಸೆಸ್‌ಗೆ ಬಿಡುವುದು. ಆ ಪ್ರೊಸೆಸ್ ಕೂಡ ಬುಕ್ ಮಾಡಿದ ಮೇಲೆ, ಟಿಪ್ಪಣಿ ಹೊಡೆದುಹಾಕುವ ಮುಂಚೆ ಸಾಯಬಹುದು ಎಂಬ ಆಕ್ಷೇಪ ನ್ಯಾಯವಾದದ್ದು. ನಮ್ಮ ಕೈಯಲ್ಲಿರುವುದು ಇಲ್ಲಿಗೆ ಮುಗಿಯುತ್ತದೆ. ಕೊರಿಯರ್‌ನವರಿಗೆ ಆರ್ಡರ್ ಸಂಖ್ಯೆಯನ್ನೇ ಉಲ್ಲೇಖ ಸಂಖ್ಯೆಯಾಗಿ ಕೊಟ್ಟು, ಅದೇ ಸಂಖ್ಯೆ ಎರಡನೆಯ ಸಲ ಬಂದರೆ ತಿರಸ್ಕರಿಸುವ ಏರ್ಪಾಡು ಅವರಲ್ಲಿದೆಯೇ ಎಂದು ಕೇಳಬೇಕು. ಇಲ್ಲವಾದರೆ ಎರಡನೆಯ ಸಲ ಬುಕ್ ಮಾಡುವ ಮೊದಲು ಅವರ ಬಳಿ ವಿಚಾರಿಸಬೇಕು. ಗಿರಾಕಿಗೆ ಎಸ್ಎಂಎಸ್ ಎರಡು ಸಲ ಹೋದರೆ ಲೋಕ ಮುಳುಗುವುದಿಲ್ಲ; ಅದಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಡಿ.

ಸಂಖ್ಯೆಗಳನ್ನು ಎಷ್ಟು ದಿನ ಇಟ್ಟುಕೊಳ್ಳಬೇಕು, ಟೇಬಲ್ ಬೆಳೆಯುತ್ತಲೇ ಹೋಗುವುದಿಲ್ಲವೇ ಎಂಬ ಚಿಂತೆ ಕೆಲವರಿಗೆ. ಸುದ್ದಿಯ ಸಂಖ್ಯೆಗಳನ್ನು ಕೆಲವು ವಾರ ಕಳೆದ ಮೇಲೆ ಅಳಿಸಬಹುದು, ಯಾಕೆಂದರೆ ಮರುಪ್ರಯತ್ನದ ಅವಧಿ ಒಂದು ದಿನ ಮಾತ್ರ. ಪಾವತಿಯ ಸಾಲುಗಳು ಹೇಗೂ ಅಂಗಡಿಯ ಲೆಕ್ಕ. ಅವನ್ನು ಯಾರೂ ಅಳಿಸುವುದಿಲ್ಲ, ಹಾಗಾಗಿ ವರ್ಷ ಕಳೆದು ಬಂದ ಕದ್ದ ಒಡಲೂ ಅಲ್ಲಿ ತಡೆದು ನಿಲ್ಲುತ್ತದೆ. ಆ ಒಂದು ದಿನದ ಅವಧಿ ಗುಟ್ಟಿನ ಪದ ಬದಲಿಸುವಾಗಲೂ ನೆನಪಿರಬೇಕು. ಹೊಸದನ್ನು ಹಾಕಿದ ಮೇಲೂ, ಮುಂಚೆ ಸೋತಿದ್ದ ಸಂದೇಶಗಳು ಹಳೆಯ ಗುಟ್ಟಿನ ಸಹಿ ಹೊತ್ತು ಬರುತ್ತಿರುತ್ತವೆ. ಆದ್ದರಿಂದ ಎರಡನ್ನೂ 24 ಗಂಟೆ ಇಟ್ಟುಕೊಂಡು, ಯಾವುದಕ್ಕೆ ಹೊಂದಿದರೂ ಒಪ್ಪಬೇಕು. ಇವೆಲ್ಲ ಸರಿಯಾಗಿದೆಯೇ ಎಂದು ನೋಡುವುದಕ್ಕೆ ಒಂದೇ ಒಡಲನ್ನು ಬೇರೆ ಬೇರೆ ಸುದ್ದಿ ಸಂಖ್ಯೆ ಹಾಕಿ ಒಂದೇ ಸಲಕ್ಕೆ ಇಪ್ಪತ್ತು ಬಾರಿ ಕಳಿಸಿ, ಕೊನೆಗೆ `payments`ನಲ್ಲಿ ಒಂದು ಸಾಲು, `outbox`ನಲ್ಲಿ ಒಂದು ಸಾಲು ಇದೆಯೇ ಎಂದು ಎಣಿಸಿ.

ಒಂದು ದಿನಕ್ಕಿಂತ ಹೆಚ್ಚು ಹೊತ್ತು ಸರ್ವರ್ ಬಿದ್ದಿದ್ದರೆ ಯಾವ ಸಹಿಯೂ ಯಾವ ನಿರ್ಬಂಧವೂ ನೆರವಿಗೆ ಬರುವುದಿಲ್ಲ. ಬಾರದೇ ಹೋದ ಸುದ್ದಿಯನ್ನು ನಾವೇ ಹೋಗಿ ಕೇಳಬೇಕು. ದಿನಕ್ಕೊಮ್ಮೆ, ಬಾಕಿ ಎಂದು ಕೂತ ಆರ್ಡರ್‌ಗಳನ್ನು ಪಾವತಿ ಕಂಪನಿಯ ಎಪಿಐಗೆ ಒಂದೊಂದಾಗಿ ಕೊಟ್ಟು, ಇದಕ್ಕೆ ಪಾವತಿ ಆಗಿದೆಯೇ ಎಂದು ವಿಚಾರಿಸುವ ಸಣ್ಣ ಪ್ರೋಗ್ರಾಂ ಅದಕ್ಕೆ ಸಾಕು. ಅದು ಕೂಡ ಮೇಲಿನ ಅದೇ ಟ್ರಾನ್ಸಾಕ್ಷನ್ ಮೂಲಕವೇ ಬರೆಯಬೇಕು. ಆಗ ಅದು ಬರೆಯುತ್ತಿರುವ ಗಳಿಗೆಯಲ್ಲೇ ತಡವಾದ ವೆಬ್‌ಹುಕ್ ಬಂದು ಬಡಿದರೂ, ಎರಡರಲ್ಲಿ ಒಂದು ಸಾಲು ಸೇರಿಸುತ್ತದೆ, ಇನ್ನೊಂದು ಬರಿಗೈಲಿ ಮರಳುತ್ತದೆ.